ಎರಡೂವರೆ ಅರ್ಧಾಯುವಿಗೆ 15 ಯಾಕೆ ತಪ್ಪು?

"ಚಿಂತಾಮಣಿಯಲ್ಲಿ ಸೆಕೆಂಡ್ ಪಿಯುಸಿ. ಅಯೋಡಿನ್-131, ಅರ್ಧಾಯು 8 ದಿನ, 80 ಮಿಲಿಗ್ರಾಂ. 16 ದಿನಕ್ಕೆ 20, 24 ದಿನಕ್ಕೆ 10. ಹಾಗಾದರೆ 20 ದಿನಕ್ಕೆ 15 ಅಲ್ವಾ ಸರ್?"

ಅಲ್ಲಪ್ಪ, 14.1. ನಮ್ಮ ಶಿಡ್ಲಘಟ್ಟದ ಟ್ಯೂಷನ್ ಮಕ್ಕಳೂ ಇಲ್ಲೇ ಜಾಸ್ತಿ ಎಡವುತ್ತಾರೆ.

ನೀನು 20 ಮತ್ತು 10ರ ಸರಾಸರಿ ತೆಗೆದುಕೊಂಡಿದ್ದೀಯ. ಅಂದರೆ 4 ದಿನದಲ್ಲಿ ಮುಕ್ಕಾಲು ಭಾಗ, 0.75, ಉಳಿಯುತ್ತದೆ ಎಂದಾಯಿತು. ಸರಿಯೋ ನೋಡು: ಮುಂದಿನ 4 ದಿನಕ್ಕೂ ಅದೇ ಭಾಗ ಉಳಿಯಬೇಕು. 0.75 × 0.75 = 0.5625. ಆದರೆ 8 ದಿನಕ್ಕೆ ಸರಿಯಾಗಿ 0.5 ಬರಬೇಕಲ್ವಾ? ತನ್ನಿಂದಲೇ ಗುಣಿಸಿದಾಗ 0.5 ಕೊಡುವ ಸಂಖ್ಯೆ 0.707. ಹಾಗಾಗಿ 20 × 0.707 = 14.1.

ಸೂತ್ರದಲ್ಲೂ ಅಷ್ಟೇ: 80 × (1/2)^2.5. ಕ್ಷಯ ಮೊದಲು ಜೋರು, ಆಮೇಲೆ ನಿಧಾನ. ಅದಕ್ಕೇ ನಡುವಿನ ಹೊತ್ತಿಗೆ ಸರಾಸರಿ ಹಿಡಿದರೆ ಉತ್ತರ ಯಾವಾಗಲೂ ಜಾಸ್ತಿಯೇ ಬರುತ್ತದೆ.