ಮಡಿಕೆಯೊಳಗೆ ಉಳಿದ ಹೆಸರು

ಅಕ್ಕಾರ, ಗುಳೇದಗುಡ್ಡದ ಖಣದ ಮ್ಯಾಲೆ ಹನ್ನೆರಡು ನಿಮಿಷದ ವಿಡಿಯೊ ಮಾಡೀನಿ. ಖಣದ್ದೇ ಚಾನೆಲ್ ನಡೆಸೋ ಗೆಳತಿ ಬಂದು ಎಲ್ಲಾ ವಿವರಿಸಿದ್ಲು, ಮಗ್ಗದ ದೃಶ್ಯನೂ ತಾನೇ ತೆಗೆದು ಕೊಟ್ಲು. ಡಿಸ್ಕ್ರಿಪ್ಷನ್ ಕೊನೀಗೆ ಆಕಿ ಹೆಸರು ಹಾಕೀನಿ. ಆದ್ರೂ ‘ನನ್ನ ಹೆಸರು ಎಲ್ಲೈತಿ?’ ಅಂತ ಮಾತು ಬಿಟ್ಟಾಳ. ಮ್ಯಾಲೆ ಹಾಕಿದ್ರ ನಮ್ಮ ನೋಡುಗರು ಆಕಿ ಕಡೆ ಹೋಗ್ತಾರ ಅಂತಾನ ತಮ್ಮ. ವಿಡಿಯೊ ತಗದು ಮತ್ತ ಹಾಕ್ಲೇನ್ರಿ?
— ಬಾಗಲಕೋಟೆಯ ಓದುಗಿ

ತೆಗೆಯಬೇಡ ತಂಗಿ. ತೆಗೆದರೆ ಬಂದ ವೀಕ್ಷಣೆ, ಕಾಮೆಂಟು ಎಲ್ಲ ಹೋಗುತ್ತವೆ, ಜನ ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಲಿಂಕೂ ಸಾಯುತ್ತದೆ. ಡಿಸ್ಕ್ರಿಪ್ಷನ್ ತಿದ್ದಿದರೆ ಇವು ಯಾವುವೂ ಅಲುಗಾಡುವುದಿಲ್ಲ.

ಗೆಳತಿ ಕೇಳಿದ್ದು ನ್ಯಾಯವೇ. ಮೊಬೈಲಿನಲ್ಲಿ ಡಿಸ್ಕ್ರಿಪ್ಷನ್‌ನ ಮೊದಲ ತುಸು ಮಾತಷ್ಟೇ ಕಾಣುತ್ತದೆ, ಉಳಿದದ್ದು ‘more’ ಒತ್ತಿದವರಿಗೆ ಮಾತ್ರ. ಸೋಶಿಯಲ್ ಮೀಡಿಯಾ ಲಿಂಕು, ಹ್ಯಾಶ್‌ಟ್ಯಾಗು ದಾಟಿ ಕೊನೆಯ ಸಾಲಿಗೆ ಹೋಗುವವರು ಎಷ್ಟು ಮಂದಿ? ಅಲ್ಲಿಗೆ ಹೋದರೂ ಸಿಗುವುದು ಬರೀ ಹೆಸರು. ಒತ್ತಿದರೆ ಎಲ್ಲಿಗೂ ಹೋಗದ ಹೆಸರಿನಿಂದ ಆಕೆಯ ಚಾನೆಲ್ಲಿಗೆ ಒಬ್ಬರೂ ತಲುಪುವುದಿಲ್ಲ.

ಇವತ್ತೇ ಯೂಟ್ಯೂಬ್ ಸ್ಟುಡಿಯೊ ತೆರೆದು ಆ ವಿಡಿಯೊದ ಡಿಸ್ಕ್ರಿಪ್ಷನ್‌ಗೆ ಹೋಗು. ಎಲ್ಲಕ್ಕಿಂತ ಮೇಲೆ ಹೀಗೆ ಬರೆ:

```
ಖಣದ ವಿವರಣೆ, ಮಗ್ಗದ ದೃಶ್ಯಗಳು: @ಗೆಳತಿಯ_ಹ್ಯಾಂಡಲ್
```

‘ವಿಶೇಷ ಧನ್ಯವಾದ’ ಎಂದಷ್ಟೇ ಬರೆದರೆ ಆಕೆ ಚಹಾ ಕೊಟ್ಟಳೋ, ಚಿತ್ರೀಕರಣ ಮಾಡಿದಳೋ ತಿಳಿಯದು. ಮಾಡಿದ ಕೆಲಸದ ಹೆಸರೇ ಬರಲಿ. ಹ್ಯಾಂಡಲ್ ನೆನಪಿನಿಂದ ಟೈಪ್ ಮಾಡಬೇಡ, ಆಕೆಯ ಚಾನೆಲ್ ಪುಟದಿಂದಲೇ ನಕಲು ಮಾಡು. ಒಂದು ಅಂಡರ್‌ಸ್ಕೋರ್ ತಪ್ಪಿದರೂ ಹೆಸರು ಬರೀ ಅಕ್ಷರವಾಗಿ ಉಳಿಯುತ್ತದೆ, ಇಲ್ಲವೇ ಬೇರೆ ಯಾರದೋ ಚಾನೆಲ್ಲಿಗೆ ದಾರಿ ತೋರಿಸುತ್ತದೆ. @ ಒತ್ತಿದಾಗ ಪಟ್ಟಿ ಬಂದರೆ ಚಿತ್ರ ನೋಡಿ ಆರಿಸು. ಸೇವ್ ಮಾಡಿದ ಮೇಲೆ ಬೇರೆ ಫೋನಿನಲ್ಲಿ ಆ ಹೆಸರನ್ನು ಒತ್ತಿ ನೋಡು. ಆಕೆಯ ಪುಟ ತೆರೆದರೆ ಮಾತ್ರ ಕೆಲಸ ಮುಗಿಯಿತು. ಮುಂದೆ ಆಕೆ ಹ್ಯಾಂಡಲ್ ಬದಲಿಸಿದರೆ ಈ ಸಾಲನ್ನೂ ತಿದ್ದಬೇಕಾಗುತ್ತದೆ.

ಇದೇ ವಿಡಿಯೊದ ತುಣುಕನ್ನು ಇನ್‌ಸ್ಟಾಗ್ರಾಮಿಗೆ ಹಾಕುವುದಾದರೆ ಕ್ಯಾಪ್ಷನ್‌ನಲ್ಲಿ ಹೆಸರು ಬರೆದಿಟ್ಟರೆ ಸಾಲದು. ಪೋಸ್ಟ್ ಮಾಡುವ ಮುನ್ನ ‘Tag people’ಗೆ ಹೋಗಿ ‘Invite collaborators’ ಆರಿಸಿ ಆಕೆಯನ್ನು ಕರೆ. ಆಕೆ ಒಪ್ಪಿದ ಮೇಲೆ ಇಬ್ಬರ ಹೆಸರೂ ತಲೆಯ ಮೇಲೆ ಬರುತ್ತವೆ, ರೀಲು ಇಬ್ಬರ ಪುಟದಲ್ಲೂ ಕಾಣುತ್ತದೆ, ಲೈಕು ಕಾಮೆಂಟು ಒಂದೇ ಕಡೆ ಕೂಡುತ್ತವೆ. ಒಪ್ಪದಿದ್ದರೆ ಬರೀ ನಿನ್ನ ಹೆಸರೇ ಇರುತ್ತದೆ, ಹಾಗಾಗಿ ‘ಕರೆ ಕಳಿಸೀನಿ, ನೋಡವ್ವಾ’ ಎಂದು ಮೊದಲೇ ಒಂದು ಮಾತು ಹೇಳು.

ತಮ್ಮನ ಅಂಜಿಕೆಗೆ ಬರೋಣ. ನಿನ್ನ ವಿಡಿಯೊ ನೋಡಿ ಆಕೆಯ ಪುಟಕ್ಕೆ ಹೋದವರು ನಿನ್ನ ಚಾನೆಲ್ ಬಿಟ್ಟಂತಾಗುವುದಿಲ್ಲ, ಸಬ್‌ಸ್ಕ್ರೈಬ್ ಆದದ್ದು ಹಾಗೇ ಇರುತ್ತದೆ. ಅದಲ್ಲದೆ ರೀಲು ಆಕೆಯ ಪುಟದಲ್ಲಿ ಕಂಡರೆ ಖಣ ನೋಡಲೆಂದೇ ಅಲ್ಲಿಗೆ ಬರುವವರು ನಿನ್ನ ಹೆಸರನ್ನೂ ಕಾಣುತ್ತಾರೆ. ಆ ಜನ ನಿನಗೆ ಬೇರೆ ಯಾವ ದಾರಿಯಲ್ಲಿ ಸಿಗುತ್ತಿದ್ದರು?

ತಿದ್ದಿದ ಮೇಲೆ ಆ ಪುಟದ ಸ್ಕ್ರೀನ್‌ಶಾಟ್ ಆಕೆಗೆ ಕಳಿಸಿ ಹೀಗೆ ಬರೆ: ‘ತಪ್ಪಾತು. ಈಗ ಮ್ಯಾಲೆ ಹಾಕೀನಿ. ಹೆಸರು, ಕೆಲಸ ಸರಿ ಬರದೈತೇನು ನೋಡು.’