ತೊಗರಿ, ರೈಜೋಬಿಯಂ ಮತ್ತ ಒಂದು ‘ಸರಿ ಅನಿಸೋ’ ಉತ್ತರ

ಪ್ರಶ್ನೆ: ನಾನು ಯಾದಗಿರಿ ಕಡೆ ಹೈಸ್ಕೂಲ್‌ನ್ಯಾಗ ಸೈನ್ಸ್ ಹೇಳ್ತೀನಿ. ‘ಒಂದು ಪ್ರಯೋಗ ಡಿಸೈನ್ ಮಾಡಿ’ ಅನ್ನೋ ಪ್ರಶ್ನಿಗೆ ಮಕ್ಕಳು ಬರ್ದಿದ್ದು ಓದಿದ್ರ ಎಲ್ಲಾ ಸರೀನೇ ಅನಸ್ತದ. ಕಂಟ್ರೋಲ್ ಇಲ್ಲ, ವೇರಿಯಬಲ್ ಬಿಟ್ಟಾರ, ಅಳತಿ ಸ್ಪಷ್ಟ ಇಲ್ಲ ಅಂತ ಹೆಂಗ ಹಿಡೀಬೇಕು?

ಒಂದೇ ಉತ್ತರ ತಗೊಂಡು ಪೂರ್ತಿ ಬಿಚ್ಚಿ ನೋಡೋಣ್ರಿ, ಹತ್ತು ಉತ್ತರ ಮ್ಯಾಲಮ್ಯಾಲ ನೋಡೋದಕ್ಕಿಂತ ಅದು ಛಲೋ. ನಾನು ಕಲಬುರಗಿಯೊಳಗ ಪಿಯುಸಿಗೆ ಬಯಾಲಜಿ ಹೇಳ್ತೀನಿ, ನಮ್ಮ ಮಕ್ಕಳಿಗೆ ತೊಗರಿ ಹೊಲ ಗೊತ್ತಿರ್ತದ, ಅದಕ್ಕ ನಾನು ಕೊಡೋ ಪ್ರಶ್ನಿ ಹಿಂಗ ಇರ್ತದ: ತೊಗರಿ ಬೀಜಕ್ಕ ರೈಜೋಬಿಯಂ ಹಚ್ಚಿ ಬಿತ್ತಿದ್ರ ಗಿಡಕ್ಕ ಉಪಯೋಗ ಆಗ್ತದೋ ಇಲ್ಲೋ ತಿಳಿಯೋ ಪ್ರಯೋಗ ಬರೀರಿ. ಬರೋ ಉತ್ತರ ಬಹುತೇಕ ಈ ಥರ:

“ಹತ್ತು ಕುಂಡಗಳನ್ನು ತೆಗೆದುಕೊಳ್ಳಬೇಕು. ಐದರಲ್ಲಿ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಕಲಸಿ ಹಚ್ಚಿದ ಬೀಜ, ಉಳಿದ ಐದರಲ್ಲಿ ಏನೂ ಹಚ್ಚದ ಬೀಜ ಬಿತ್ತಬೇಕು. ನಿಯಮಿತವಾಗಿ ನೀರು ಹಾಕಬೇಕು. ಬೆಳಕು, ಉಷ್ಣತೆ, ನೀರು ಸ್ಥಿರವಾಗಿರಬೇಕು. ಕೆಲವು ದಿನಗಳ ನಂತರ ಯಾವ ಗಿಡ ಚೆನ್ನಾಗಿ ಬೆಳೆದಿದೆ ಎಂದು ನೋಡಬೇಕು.”

ಓದಿದ್ರ ಕಂಟ್ರೋಲ್ ಅದ, ವೇರಿಯಬಲ್ ಅದ, ಅಳತಿನೂ ಅದ ಅನಸ್ತದ, ಆದ್ರ ಮೂರೂ ಇಲ್ಲ.

ಮೊದಲು ಕಂಟ್ರೋಲ್. ಇದನ್ನ ಹಿಡಿಯೋಕೆ ನಾನು ಉತ್ತರಪತ್ರಿಕಿ ಅಂಚಿನ್ಯಾಗ ಪೆನ್ಸಿಲ್‌ಲೇ ಎರಡು ಸಾಲು ಬರಿತೀನಿ, ಒಂದೊಂದು ಗುಂಪಿನ ಕುಂಡಕ್ಕ ಏನೇನು ಬಿತ್ತು ಅಂತ. ಮ್ಯಾಲಿನ ಸಾಲು: ಮಣ್ಣು, ನೀರು, ಬೀಜ, ಬೆಲ್ಲ, ಪ್ಯಾಕೆಟ್ ಪುಡಿ, ಜೀವಂತ ಬ್ಯಾಕ್ಟೀರಿಯಾ. ಕೆಳಗಿನ ಸಾಲು: ಮಣ್ಣು, ನೀರು, ಬೀಜ. ಈಗ ಎರಡೂ ಸಾಲಿನ್ಯಾಗ ಇರೋದನ್ನ ಹೊಡೆದು ಹಾಕ್ರಿ. ಉಳಿದದ್ದು ಒಂದೇ ಒಂದು ಇರಬೇಕು, ಅದು ಪ್ರಶ್ನಿಯೊಳಗ ಕೇಳಿದ್ದೇ ಆಗಿರಬೇಕು. ಇಲ್ಲಿ ಮೂರು ಉಳೀತಾವ. ಹಚ್ಚಿದ ಗಿಡ ಛಲೋ ಬಂತು ಅಂತ ಇಟ್ಕೋರಿ, ಅದು ಬ್ಯಾಕ್ಟೀರಿಯಾದಿಂದ ಬಂತೋ, ಬೆಲ್ಲ ಕಲಸಿದ ನೀರಿನ್ಯಾಗ ಬೀಜ ಮೊದಲೇ ನೆನೆದು ಲಗೂನ ಮೊಳಕಿ ಒಡೆದದ್ದಕ್ಕ ಬಂತೋ, ಪುಡಿಯೊಳಗಿನ ಮತ್ತೇನರ ವಸ್ತುವಿನಿಂದ ಬಂತೋ ಹೇಳಲಿಕ್ಕೆ ಬರಂಗಿಲ್ಲ. ರೈಜೋಬಿಯಂ ಪ್ಯಾಕೆಟ್ ಅಂದ್ರ ಬರೀ ಬ್ಯಾಕ್ಟೀರಿಯಾ ಅಲ್ಲ, ಅದು ಕೂತಿರೋದು ಲಿಗ್ನೈಟ್‌ನಂಥ ಒಂದು ಕರೀ ಪುಡಿಯೊಳಗ.

ಹಂಗಾದ್ರ ಸರಿಯಾದ ಕಂಟ್ರೋಲ್ ಯಾವುದು? ಶಾಣ್ಯಾ ಮಕ್ಕಳು ‘ಉಳಿದ ಬೀಜಕ್ಕ ಬರೀ ಬೆಲ್ಲದ ನೀರು ಹಚ್ಚಬೇಕು’ ಅಂತ ಬರಿತಾರ, ಅದಕ್ಕ ನಾನು ಪೂರ್ತಿ ಅಂಕ ಕೊಡ್ತೀನಿ. ಅದಕ್ಕಿಂತ ಗಟ್ಟಿ ಏನಂದ್ರ ಅದೇ ಪ್ಯಾಕೆಟ್‌ನ ಪುಡಿ ಸ್ವಲ್ಪ ನೀರಿನ್ಯಾಗ ಕಲಸಿ ಪ್ರೆಶರ್ ಕುಕ್ಕರ್‌ನ್ಯಾಗ ಇಟ್ಟು 20 ನಿಮಿಷ ಕುದಿಸಿ ಬ್ಯಾಕ್ಟೀರಿಯಾ ಸಾಯಿಸಿ, ಪೂರ್ತಿ ಆರಿದ ಮ್ಯಾಲ ಬೆಲ್ಲದ ನೀರು ಸೇರಿಸಿ ಬೀಜಕ್ಕ ಹಚ್ಚೋದು. ರೈಜೋಬಿಯಂ ಬೀಜಾಣು ಮಾಡಿಕೊಂಡು ಉಳಿಯೋ ಜಾತಿ ಅಲ್ಲ, ಇಷ್ಟು ಬಿಸಿಗೆ ಸಾಯ್ತದ. ಈಗ ಎರಡು ಸಾಲು ಮತ್ತ ಬರೀರಿ, ‘ಜೀವಂತ’ ಅನ್ನೋ ಒಂದು ಮಾತು ಬಿಟ್ರ ಎಲ್ಲಾ ಹೊಡೆದು ಹೋಗ್ತದ.

ಇನ್ನೊಂದು ತಪ್ಪು ಭಾಳ ಬರ್ತದ, ಕಂಟ್ರೋಲ್ ಕುಂಡಕ್ಕ ‘ಏನೂ ಕೊಡಬಾರದು’ ಅಂದ್ಕೊಂಡು ಅದಕ್ಕ ನೀರೂ ಇಲ್ಲ ಗೊಬ್ಬರಾನೂ ಇಲ್ಲ ಅಂತ ಬರೆದಿರ್ತಾರ. ಎರಡು ಸಾಲು ಬರೆದ್ರ ಇದು ತಾನಾಗೇ ಸಿಗ್ತದ, ನೀರು ಮ್ಯಾಲಿನ ಸಾಲಿನ್ಯಾಗಷ್ಟೇ ಉಳೀತದ.

ಇಲ್ಲಿ ನಮ್ಮ ಭಾಗಕ್ಕ ಒಂದು ವಿಶೇಷ ಅದ. ನಮ್ಮ ಎರಿ ಮಣ್ಣಿನ್ಯಾಗ ತಲೆತಲಾಂತರದಿಂದ ತೊಗರಿ ಬೆಳೆದಾರ, ತೊಗರಿ ಬೇರಿಗೆ ಗಂಟು ಕಟ್ಟೋ ಬ್ಯಾಕ್ಟೀರಿಯಾ ಮಣ್ಣೊಳಗ ಮೊದಲೇ ಇರ್ತಾವ. ಹೊಲದ ಮಣ್ಣು ತಂದು ಕುಂಡಕ್ಕ ತುಂಬಿದ್ರ ಕಂಟ್ರೋಲ್ ಗಿಡಕ್ಕೂ ಗಂಟು ಬರ್ತಾವ. ‘ಕಂಟ್ರೋಲ್‌ನಲ್ಲಿ ಗಂಟು ಇರುವುದಿಲ್ಲ’ ಅಂತ ಬರೆದ ಹುಡುಗನಿಗೆ ಮಣ್ಣನ್ನ ಆವಿಯೊಳಗ ಬೇಯಿಸಿದ್ದೇನಪಾ ಅಂತ ಕೇಳಬೇಕು. ಬೇಯಿಸಿದ್ರ ಎಲ್ಲಾ ಹತ್ತೂ ಕುಂಡದ ಮಣ್ಣು ಬೇಯಿಸಬೇಕು, ಕಂಟ್ರೋಲ್‌ದಷ್ಟೇ ಬೇಯಿಸಿದ್ರ ಅದೂ ಒಂದು ಹೊಸ ಫರಕ್ ಆಗ್ತದ. ಬೇಯಿಸದೇ ಮಾಡಿದ್ರೂ ತಪ್ಪಲ್ಲ, ಆದ್ರ ಆವಾಗ ಪ್ರಶ್ನಿ ಬದಲಾಗ್ತದ: ಗಂಟು ಬರ್ತಾವೋ ಇಲ್ಲೋ ಅಲ್ಲ, ಹಚ್ಚಿದ್ದರಿಂದ ಹೆಚ್ಚು ಬಂದ್ವೋ ಇಲ್ಲೋ.

ಈಗ ವೇರಿಯಬಲ್. ‘ಬೆಳಕು, ಉಷ್ಣತೆ, ನೀರು ಸ್ಥಿರವಾಗಿರಬೇಕು’ ಅನ್ನೋ ಸಾಲಿಗೆ ನಾನು ಅಂಕ ಕೊಡಂಗಿಲ್ಲ, ಅದು ಬಾಯಿಪಾಠ, ಯಾವ ಪ್ರಯೋಗಕ್ಕಾದ್ರೂ ಅಂಟಿಸಬಹುದು. ಕೇಳಬೇಕಾದ್ದು ‘ಹೆಂಗ?’ ಅಂತ. ಕಲಬುರಗಿಯೊಳಗ ಶಾಲಿ ಅಂಗಳದ ಉಷ್ಣತೆ ಯಾರು ಸ್ಥಿರ ಇಡ್ತಾರ್ರಿ? ಮುಂಜಾನೆ ಒಂದು ಇರ್ತದ, ಮಧ್ಯಾಹ್ನ ಒಂದು. ಅದು ಏರಿಳಿದ್ರ ಪ್ರಯೋಗ ಕೆಡಂಗಿಲ್ಲ, ಎರಡೂ ಗುಂಪಿಗೆ ಅದೇ ಏರಿಳಿತ ಸಿಕ್ರ ಸಾಕು. ಕೆಡೋದು ಯಾವಾಗಂದ್ರ ಹಚ್ಚಿದ ಐದು ಕುಂಡ ಗ್ವಾಡಿ ಬಾಜು ನೆರಳಿನ್ಯಾಗ, ಹಚ್ಚದ ಐದು ಬಯಲಿನ ಬಿಸಿಲಿನ್ಯಾಗ ಸಾಲಾಗಿ ಇಟ್ರ. ಕೆಲಸ ಹಂಚ್ಕೊಂಡು ಮಾಡೋ ಮಕ್ಕಳು ತಮ್ಮ ಗುಂಪಿನ ಕುಂಡ ಒಂದೇ ಕಡೆ ಇಡ್ತಾರ, ಅದು ಸಹಜ. ಉತ್ತರದಾಗ ‘ಕುಂಡಗಳಿಗೆ ನಂಬರ್ ಹಾಕಿ, ಚೀಟಿ ಎತ್ತಿ ಬೆರಸಿ ಇಡಬೇಕು’ ಅಂತ ಒಂದು ವಾಕ್ಯ ಇದ್ರ ಬಿಸಿಲು, ಗಾಳಿ, ಗ್ವಾಡಿ ಬಿಸಿ ಎಲ್ಲದಕ್ಕೂ ಉತ್ತರ ಸಿಕ್ಕಂಗ. ನೀರಿಗೂ ಹಂಗೇ, ‘ನಿಯಮಿತವಾಗಿ’ ಅಂದ್ರ ಏನೂ ತಿಳಿಯಂಗಿಲ್ಲ, ‘ಪ್ರತಿ ಕುಂಡಕ್ಕೆ ಒಂದೇ ದಿನ 200 ಮಿ.ಲೀ. ಅಳೆದು’ ಅಂದ್ರ ತಿಳೀತದ. 200 ಅನ್ನೋದೇ ಆಗಬೇಕಂತಿಲ್ಲ, ಕುಂಡದ ಗಾತ್ರ ನೋಡಿ ಎಷ್ಟಾದ್ರೂ ಇರಲಿ, ಎಲ್ಲಕ್ಕೂ ಅಷ್ಟೇ ಇರಬೇಕು.

ಈ ಪ್ರಯೋಗಕ್ಕೇ ಸಂಬಂಧಪಟ್ಟ ಎರಡು ವೇರಿಯಬಲ್ ಮಕ್ಕಳು ಬರೆಯೋದೇ ಕಡಿಮಿ, ಯಾರರ ಬರೆದ್ರ ವಿಷಯ ತಿಳ್ಕೊಂಡಾರ ಅಂತ ಗೊತ್ತಾಗ್ತದ. ಒಂದು ಗೊಬ್ಬರ. ಮಣ್ಣಿನ್ಯಾಗ ಸಾರಜನಕ ಹೆಚ್ಚಿದ್ರ ಗಿಡ ಗಂಟು ಕಟ್ಟೋದನ್ನ ಕಡಿಮಿ ಮಾಡ್ತದ, ಅದಕ್ಕ ಬ್ಯಾಕ್ಟೀರಿಯಾದ ಜರೂರತ್ತೇ ಬೀಳಂಗಿಲ್ಲ. ಒಂದಿಷ್ಟು ಕುಂಡಕ್ಕ ಯೂರಿಯಾ ಬಿದ್ದು ಒಂದಿಷ್ಟಕ್ಕ ಬೀಳದಿದ್ರ ಲೆಕ್ಕ ತಪ್ತದ, ಎಲ್ಲಕ್ಕೂ ಭರಪೂರ ಬಿದ್ರ ಫರಕ್ಕೇ ಕಾಣಂಗಿಲ್ಲ, ರೈಜೋಬಿಯಂ ಉಪಯೋಗಿಲ್ಲ ಅಂತ ತಪ್ಪು ತೀರ್ಮಾನಕ್ಕ ಬರ್ತಾರ. ಅದಕ್ಕ ಒಂದೇ ಗುಡ್ಡಿ ಮಣ್ಣು ಛಲೋತಂಗ ಕಲಸಿ ಎಲ್ಲಾ ಕುಂಡಕ್ಕ ತುಂಬಬೇಕು, ಸಾರಜನಕದ ಗೊಬ್ಬರ ಹಾಕಬಾರದು. ಎರಡನೇದು ಕೈ. ಹಚ್ಚಿದ ಬೀಜ ಬಿತ್ತಿದ ಕೈಲೇ ಹಚ್ಚದ ಬೀಜ ಬಿತ್ತಿದ್ರ ಬ್ಯಾಕ್ಟೀರಿಯಾ ಅಲ್ಲೂ ಹೋಗ್ತಾವ, ನೀರು ಸಿಡಿದ್ರೂ ಹೋಗ್ತಾವ, ಆಮ್ಯಾಲ ಕಂಟ್ರೋಲ್ ಕಂಟ್ರೋಲ್ ಆಗಿ ಉಳಿಯಂಗಿಲ್ಲ. ಕಂಟ್ರೋಲ್ ಬೀಜ ಮೊದಲು ಬಿತ್ತಬೇಕು, ಕುಂಡಗಳ ನಡುವ ಜಾಗ ಬಿಡಬೇಕು. ಹಚ್ಚಿದ ಬೀಜ ನೆರಳಿನ್ಯಾಗ ಒಣಗಿಸಬೇಕು ಅನ್ನೋದೂ ಇಲ್ಲೇ ಬರ್ತದ, ಬಿಸಿಲಿಗೆ ಹಾಕಿದ್ರ ಬ್ಯಾಕ್ಟೀರಿಯಾ ಸಾಯ್ತಾವ, ನಾವು ಹಚ್ಚೇವಿ ಅಂದ್ಕೊಂಡಿದ್ದು ಹಚ್ಚಿದಂಗೇ ಇರಂಗಿಲ್ಲ.

ಅಳತಿ ಮಾತ್ರ ಮಕ್ಕಳು ಎಲ್ಲಕ್ಕಿಂತ ಸಸ್ತಾ ಮಾಡಿ ಬರಿತಾರ. ‘ಚೆನ್ನಾಗಿ ಬೆಳೆದಿದೆ’ ಅಂದ್ರ ಏನು? ನಾನು ನೋಡೋ ರೀತಿ ಇಷ್ಟೇ, ಈ ಉತ್ತರ ಓದಿ ಇಬ್ಬರು ಬ್ಯಾರೆ ಬ್ಯಾರೆ ಹುಡುಗರು ಒಂದೇ ಗಿಡ ಅಳೆದ್ರ ಇಬ್ಬರಿಗೂ ಒಂದೇ ಅಂಕಿ ಬರ್ತದೇನು? ‘ಎತ್ತರ ಅಳೆಯಬೇಕು’ ಅಂತ ಬರೆದ್ರೂ ಒಬ್ಬಾಂವ ಎಲಿ ಮ್ಯಾಲೆತ್ತಿ ಹಿಡಿದು ಅಳಿತಾನ, ಇನ್ನೊಬ್ಬಾಂವ ತುದಿ ಮೊಗ್ಗಿಗೆ ನಿಲ್ತಾನ. ಮಣ್ಣಿನ ಮಟ್ಟದಿಂದ ತುದಿ ಮೊಗ್ಗಿನ ತನಕ ಅಂತ ಬರೀಬೇಕು. ಇನ್ನ ಈ ಪ್ರಶ್ನಿಗೆ ಎತ್ತರವೇ ಅಷ್ಟು ಒಳ್ಳೇ ಅಳತಿ ಅಲ್ಲ, ನೆರಳಿನ್ಯಾಗ ಇದ್ದ ಗಿಡ ಸೊರಗಿ ಉದ್ದ ಆಗಿರ್ತದ, ಎತ್ತರ ಜಾಸ್ತಿ ಅಂತ ಅದು ಗಟ್ಟಿ ಗಿಡ ಆಗಂಗಿಲ್ಲ.

ರೈಜೋಬಿಯಂ ಕೆಲಸ ಕಾಣೋದು ಬೇರಿನ ಗಂಟಿನ್ಯಾಗ ಮತ್ತ ಗಿಡದ ಒಣ ತೂಕದಾಗ. ಬಿತ್ತಿ 45ನೇ ದಿನಕ್ಕ ಅಂತ ಒಂದು ದಿನ ನಿಗದಿ ಮಾಡಬೇಕು, ‘ಕೆಲವು ದಿನ’ ನಡೆಯಂಗಿಲ್ಲ. ಗಿಡ ಹಿಡಿದು ಜಗ್ಗಿ ಕೀಳಬಾರದು, ಎರಿ ಮಣ್ಣು ಗಚ್ಚಿನಂಗ ಹಿಡಿದಿರ್ತದ, ಗಂಟು ಉದುರಿ ಮಣ್ಣಿನ್ಯಾಗೇ ಉಳೀತಾವ, ಆಮ್ಯಾಲ ಎಣಿಸಿದ್ದು ಗಂಟಿನ ಲೆಕ್ಕ ಅಲ್ಲ, ನಿಮ್ಮ ಜಗ್ಗಾಟದ ಲೆಕ್ಕ. ಕುಂಡ ಇಡೀದಾಗೇ ಬಕೆಟ್ ನೀರಿನ್ಯಾಗ ಮುಳುಗಿಸಿ ಮಣ್ಣು ಕರಗಿದ ಮ್ಯಾಲ ಜರಡಿ ಮ್ಯಾಲ ತೊಳೆದು, ಜರಡಿಗೆ ಬಿದ್ದ ಗಂಟೂ ಸೇರಿಸಿ ಎಣಿಸಬೇಕು. ಬೇರು ಬಾಜೂಕ ಅಂಟಿಕೊಂಡು, ಉಗುರಿಗೆ ಸುಲಭ ಬಿಡೋದು ಗಂಟು. ಬೇರೇ ದಪ್ಪಾಗಿ ಉಬ್ಬಿದ್ದು ಜಂತುಹುಳದ ಕೆಲಸ, ಅದನ್ನ ಎಣಿಸಬಾರದು. ಆಮ್ಯಾಲ ಬ್ಲೇಡ್‌ಲೇ ಕೊಯ್ದು ನೋಡಬೇಕು, ಒಳಗ ಗುಲಾಬಿ ಇದ್ರ ಅದು ಸಾರಜನಕ ಹಿಡಿಯೋ ಗಂಟು, ಬಿಳಿ ಅಥವಾ ಹಸಿರಿದ್ರ ಕೆಲಸ ಮಾಡ್ತಿಲ್ಲ. ಬರೀ ‘ಗಂಟು ಎಣಿಸಬೇಕು’ ಅಂದವರಿಗೂ ‘ಒಳಗ ಗುಲಾಬಿ ಇರೋ ಗಂಟು ಎಣಿಸಬೇಕು’ ಅಂದವರಿಗೂ ಭಾಳ ಫರಕ್ ಅದ. ಎಣಿಸೋರಿಗೆ ಯಾವುದು ಯಾವ ಗುಂಪಿಂದು ಅಂತ ಗೊತ್ತಿರಬಾರದು, ಕುಂಡದ ನಂಬರ್ ಅಷ್ಟೇ ಕಾಣಬೇಕು, ಇಲ್ಲಾಂದ್ರ ಅನುಮಾನದ ಗಂಟೆಲ್ಲ ಹಚ್ಚಿದ ಗಿಡದ ಲೆಕ್ಕಕ್ಕೇ ಹೋಗ್ತಾವ. ಒಣ ತೂಕಕ್ಕ ಪೇಪರ್ ಚೀಲದಾಗ ಹಾಕಿ ಓವನ್‌ನ್ಯಾಗ 70 ಡಿಗ್ರಿಗೆ, ಎರಡು ಸಲ ತೂಗಿದ್ರೂ ಅದೇ ತೂಕ ಬರೋ ತನಕ ಒಣಗಿಸಬೇಕು. ಓವನ್ ಇಲ್ಲದ ಶಾಲಿಯೊಳಗ ಬಿಸಿಲಿಗೆ ಹಾಕಿದ್ರೂ ನಡೀತದ, ಎಲ್ಲಾ ಚೀಲ ಒಟ್ಟಿಗೇ ಒಣಗಿಸಿ ತೂಕ ಬದಲಾಗೋದು ನಿಲ್ಲೋ ತನಕ ಕಾಯಬೇಕು ಅನ್ನೋ ಷರತ್ತು ಬರೆದಿದ್ರ ಸಾಕು.

ಇದೆಲ್ಲ ಸೇರಿಸಿದ್ರ ಅದೇ ಹುಡುಗನ ಉತ್ತರ ಹಿಂಗಾಗ್ತದ, ಅಷ್ಟೇನೂ ಉದ್ದಾಗಂಗಿಲ್ಲ:

“ಒಂದೇ ಮಣ್ಣು ಕಲಸಿ ಹತ್ತು ಕುಂಡ ತುಂಬುವೆ, ಸಾರಜನಕ ಗೊಬ್ಬರ ಹಾಕುವುದಿಲ್ಲ. ಐದು ಕುಂಡಕ್ಕೆ ಕುದಿಸಿ ಸಾಯಿಸಿದ ರೈಜೋಬಿಯಂ ಮತ್ತು ಬೆಲ್ಲದ ನೀರು ಹಚ್ಚಿ ನೆರಳಲ್ಲಿ ಒಣಗಿಸಿದ ಬೀಜ ಮೊದಲು ಬಿತ್ತುವೆ, ಉಳಿದ ಐದಕ್ಕೆ ಜೀವಂತ ರೈಜೋಬಿಯಂ ಮತ್ತು ಅಷ್ಟೇ ಬೆಲ್ಲದ ನೀರು ಹಚ್ಚಿ ನೆರಳಲ್ಲಿ ಒಣಗಿಸಿದ ಬೀಜ. ಮೊಳೆತ ಮೇಲೆ ಕುಂಡಕ್ಕೊಂದು ಗಿಡ ಉಳಿಸುವೆ. ಚೀಟಿ ಎತ್ತಿ ಕುಂಡಗಳನ್ನು ಬೆರೆಸಿ ಇಟ್ಟು ಎಲ್ಲಕ್ಕೂ ಒಂದೇ ದಿನ ಅಳೆದು ಅಷ್ಟೇ ನೀರು ಹಾಕುವೆ. 45ನೇ ದಿನ ಬೇರು ತೊಳೆದು ಗುಲಾಬಿ ಗಂಟು ಎಣಿಸಿ, ಗಿಡದ ಒಣ ತೂಕ ತೂಗಿ, ಎರಡು ಗುಂಪಿನ ಸರಾಸರಿ ಹೋಲಿಸುವೆ.”

ಐದು ಅಂಕದ ಪ್ರಶ್ನಿ ಇದ್ರ ನಾನು ಕಂಟ್ರೋಲ್‌ಗೆ ಎರಡು, ಅಳತಿಗೆ ಎರಡು, ವೇರಿಯಬಲ್‌ಗೆ ಒಂದು ಇಡ್ತೀನಿ. ವೇರಿಯಬಲ್ ಅಂಕ ಹೆಸರಿಗಲ್ಲ, ಒಂದಾದ್ರೂ ವೇರಿಯಬಲ್ ಹೆಂಗ ಸಮ ಮಾಡ್ತೀನಿ ಅಂತ ಬರೆದವರಿಗೆ. ‘ಚೆನ್ನಾಗಿ ಬೆಳೆದಿದೆ’ ಅಂದವರಿಗೆ ಅಳತಿ ಅಂಕ ಸೊನ್ನಿ, ‘ಗಂಟು ಎಣಿಸಬೇಕು’ ಅಂದವರಿಗೆ ಒಂದು, ಯಾವ ದಿನ ಯಾವ ಗಂಟು ಅಂತ ಹೇಳಿದವರಿಗೆ ಎರಡೂ. ಕುಕ್ಕರ್ ಮಾತು ಹತ್ತನೇ ಕ್ಲಾಸಿನ ಮಕ್ಕಳಿಂದ ಅಪೇಕ್ಷಾ ಮಾಡಬ್ಯಾಡ್ರಿ, ಎರಡೂ ಗುಂಪಿನ ಬೀಜಕ್ಕ ಬೆಲ್ಲದ ನೀರು ಹಚ್ಚಿದ್ರ ಎರಡು ಅಂಕ ಕೊಟ್ಟುಬಿಡ್ರಿ.