ಪೆಟ್ಟಿಗೆ ಕದಲಿಸಲು ಎಷ್ಟು ಬಲ ಬೇಕು?

"50 ಕೆಜಿ ಪೆಟ್ಟಿಗೆ. ಸ್ಥಾಯಿ ಘರ್ಷಣಾಂಕ 0.5, ಜಾರು ಘರ್ಷಣಾಂಕ 0.4. ನಾನು 150 ನ್ಯೂಟನ್ ಬಲದಿಂದ ತಳ್ಳಿದೆ, ಘರ್ಷಣೆ 245 ಬಂತು. ಹಾಗಾದ್ರೆ ಪೆಟ್ಟಿಗೆ ಹಿಂದಕ್ಕೆ ಬರಬೇಕಾ?"

ಇಲ್ಲ, ಬರಲ್ಲ. 0.5 × 50 × 9.8 = 245 ಅನ್ನೋದು ಸ್ಥಾಯಿ ಘರ್ಷಣೆಯ ಮೇಲಿನ ಮಿತಿ ಮಾತ್ರ. ನೀವು 150 ನ್ಯೂಟನ್ ಹಾಕಿದರೆ ನೆಲವೂ ಅಷ್ಟೇ 150 ತಡೆಯುತ್ತದೆ. 200ಕ್ಕೆ 200. ಸುಮ್ನೆ ಕೈಯಿಟ್ಟು ನಿಂತರೆ ಸೊನ್ನೆ. 245 ದಾಟಿದ ಕ್ಷಣ ಪೆಟ್ಟಿಗೆ ಕದಲುತ್ತದೆ.

ಕದಲಿದ ಮೇಲೆ ಲೆಕ್ಕವೇ ಬೇರೆ. ಘರ್ಷಣೆ 0.4 × 50 × 9.8 = 196ಕ್ಕೆ ಇಳಿಯುತ್ತದೆ. ನಿಮ್ಮ ಕೈ ಇನ್ನೂ 245ರಲ್ಲೇ ಇದ್ದರೆ 49 ನ್ಯೂಟನ್ ಹೆಚ್ಚುವರಿ ಉಳಿಯಿತು ಅಲ್ವಾ? ಮನೆಯಲ್ಲಿ ಬೀರು ತಳ್ಳುವಾಗ ಅದು ತಟ್ಟನೆ ಜಾರಿ ನಾವು ಮುಗ್ಗರಿಸೋದು ಇದಕ್ಕೇ. ಒಂದೇ ವೇಗದಲ್ಲಿ ಸಾಗಿಸಲು 196 ಸಾಕು.

ಆದರೆ 245 ಅನ್ನೋದು ನೆಲಕ್ಕೆ ಸಮಾಂತರವಾಗಿ ತಳ್ಳಿದಾಗಿನ ಮಾತು. ಮೇಲಿನಿಂದ ಓರೆಯಾಗಿ ತಳ್ಳಿದರೆ ಪೆಟ್ಟಿಗೆ ನೆಲವನ್ನು ಜಾಸ್ತಿ ಒತ್ತುತ್ತದೆ, ಇನ್ನೂ ಹೆಚ್ಚು ಬಲ ಬೇಕಾಗುತ್ತದೆ. ಹಗ್ಗ ಕಟ್ಟಿ ಸುಮಾರು 27 ಡಿಗ್ರಿ ಮೇಲ್ಮುಖವಾಗಿ ಎಳೆದು ನೋಡಿ. ಎಳೆತ ಸ್ವಲ್ಪ ಭಾರವನ್ನೂ ಹೊರುವುದರಿಂದ ಸುಮಾರು 219 ನ್ಯೂಟನ್‌ಗೇ ಕದಲುತ್ತದೆ. ಆ ಕೋನದ ಟ್ಯಾನ್ ಬೆಲೆ 0.5, ಅಂದರೆ ನಿಮ್ಮ ಸ್ಥಾಯಿ ಘರ್ಷಣಾಂಕವೇ. ಇದಕ್ಕಿಂತ ಕಡಿಮೆ ಬಲಕ್ಕೆ ಈ ಪೆಟ್ಟಿಗೆ ಯಾವ ದಿಕ್ಕಿನಲ್ಲಿ ಎಳೆದರೂ ಜಾರಲ್ಲ.